ಸೊನ್ನೆಗೆ ಒಂದು ಕೂಡಿಸಿದವರ ಕಥೆ

ಮೂರು ವರ್ಷದ ಹಿಂದೆ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಕೋಡ್ ನೋಡ್ತಾ ಕೂತಿದ್ದಳು. ಎಕನಾಮಿಕ್ಸ್ ಎಂಎ ಮಾಡಿ ಬಂದವಳು. ನಾನು ಬರೆದಿದ್ದ ಮಾಡೆಲ್ ಊರಿಂದ ಊರಿಗೆ ಎಷ್ಟು ಬೆಲೆಯ ಪಾರ್ಸೆಲ್ ಹೋಗುತ್ತೆ ಅಂತ ಅಂದಾಜು ಮಾಡೋದು. ಎರಡು ಊರಿನ ಗಾತ್ರ, ನಡುವಿನ ದೂರ, ಇಷ್ಟೇ ಲೆಕ್ಕ. ದೂರದ ಎಷ್ಟೋ ಜೋಡಿಗಳಲ್ಲಿ ಪಾರ್ಸೆಲ್ಲೇ ಇರಲಿಲ್ಲ, ಸೊನ್ನೆ. ಸೊನ್ನೆಯ ಲಾಗ್ ತೆಗೆಯೋಕೆ ಬರಲ್ಲವಲ್ಲ, ಹಾಗಾಗಿ ನಾನು ಎಲ್ಲರೂ ಮಾಡೋ ಹಾಗೆ `log1p` ಹಾಕಿ ಮುಂದೆ ಹೋಗಿದ್ದೆ. ಅಂದ್ರೆ ಪ್ರತಿ ಸಂಖ್ಯೆಗೂ ಒಂದು ಕೂಡಿಸಿ ಆಮೇಲೆ ಲಾಗ್.

ಅವಳು ಕೇಳಿದ್ದು ಒಂದೇ ಪ್ರಶ್ನೆ. "ಈ ಕಾಲಮ್ ರೂಪಾಯಲ್ಲಿದೆಯಾ, ಲಕ್ಷದಲ್ಲಿದೆಯಾ?"

"ರೂಪಾಯಿ. ಯಾಕೆ?"

"ಲಕ್ಷಕ್ಕೆ ಬದಲಾಯಿಸಿ ಒಂದ್ಸಲ ಓಡಿಸಿ ನೋಡಿ."

ಓಡಿಸಿದೆ. ದೂರದ ಪರಿಣಾಮ ಅರ್ಧಕ್ಕಿಂತ ಕೆಳಗೆ ಇಳಿದುಬಿಡ್ತು. ಡೇಟಾ ಅದೇ, ಊರು ಅವೇ, ಪಾರ್ಸೆಲ್ ಅವೇ. ಬದಲಾಗಿದ್ದು ಅಳತೆಯ ಪಟ್ಟಿ ಮಾತ್ರ. ಅಷ್ಟರಲ್ಲಿ ನನ್ನ ಮಾಡೆಲ್ ನಂಬಿಕೊಂಡು ದೂರದ ನಾಲ್ಕು ಊರಿನ ಗಾಡಿ ನಿಲ್ಲಿಸೋಣ ಅಂತ ಕ್ಲೈಂಟ್ ಕಡೆ ಸ್ಲೈಡ್ ಕೂಡ ಹೋಗಿತ್ತು. ಅವತ್ತು ಸಂಜೆ ಅವಳು ಒಂದು ಪೇಪರ್ ಕಳಿಸಿದಳು. ಅದನ್ನ ಅವತ್ತಿಂದ ನಾಲ್ಕೈದು ಸಲ ಓದಿದೀನಿ. ಈ ಬರಹ ಆ ಪೇಪರಿನ ಬಗ್ಗೆ. ಪುಸ್ತಕ ವಿಮರ್ಶೆ ಮಾಡ್ತಾರಲ್ಲ, ಹಾಗೆ ಒಂದು ಪೇಪರಿನ ವಿಮರ್ಶೆ ಅಂದ್ಕೊಳ್ಳಿ. ಹದಿನೆಂಟು ಪುಟದ ಈ ಲೇಖನದ ಬಗ್ಗೆ ಮಾತಾಡುವವರೆಲ್ಲ ಅದರ ಅರ್ಧ ಮಾತನ್ನಷ್ಟೇ ಹೇಳ್ತಾರೆ ಅನ್ನೋದು ನನ್ನ ದೂರು.

ಪೇಪರಿನ ಹೆಸರು 'ದಿ ಲಾಗ್ ಆಫ್ ಗ್ರಾವಿಟಿ'. ಬರೆದವರು ಜೊವಾವ್ ಸಾಂತೋಸ್ ಸಿಲ್ವಾ ಮತ್ತು ಸಿಲ್ವಾನಾ ಟೆನ್ರೆಯ್ರೊ. 2006ರಲ್ಲಿ 'ರಿವ್ಯೂ ಆಫ್ ಎಕನಾಮಿಕ್ಸ್ ಅಂಡ್ ಸ್ಟ್ಯಾಟಿಸ್ಟಿಕ್ಸ್'ನಲ್ಲಿ ಬಂತು.

ಹಿನ್ನೆಲೆ ಸ್ವಲ್ಪ ಹೇಳಿಬಿಡ್ತೀನಿ. ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗೆನ್ 1962ರಲ್ಲಿ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ನ್ಯೂಟನ್ನನ ಗುರುತ್ವದ ಸೂತ್ರದಂಥದ್ದೇ ಒಂದನ್ನ ಹಾಕಿ ನೋಡಿದ. ಎರಡು ದೇಶಗಳ ಆರ್ಥಿಕತೆ ದೊಡ್ಡದಾದಷ್ಟೂ ವ್ಯಾಪಾರ ಜಾಸ್ತಿ, ನಡುವಿನ ದೂರ ಹೆಚ್ಚಾದಷ್ಟೂ ಕಮ್ಮಿ. ಇದನ್ನೇ ಗ್ರಾವಿಟಿ ಮಾಡೆಲ್ ಅಂತಾರೆ. ಸೂತ್ರ ಗುಣಾಕಾರದ್ದು:

`T = A × Y1^a × Y2^b × D^c`

ಎರಡೂ ಕಡೆ ಲಾಗ್ ತೆಗೆದರೆ ಗುಣಾಕಾರ ಹೋಗಿ ಕೂಡೋ ಲೆಕ್ಕ ಆಗುತ್ತೆ, ನೇರ ಗೆರೆ ಎಳೆದು `a`, `b`, `c` ಕಂಡುಹಿಡಿಯಬಹುದು. ಬಿಇಯಲ್ಲಿ ನಾವೆಲ್ಲ ಲಾಗ್ ಶೀಟ್ ಮೇಲೆ ಗೆರೆ ಎಳೆದು ಇಳಿಜಾರು ಅಳೆದ ಹಾಗೇ. `c` ಮೈನಸ್ ಒಂದು ಅಂತ ಬಂದರೆ ದೂರ ಇಮ್ಮಡಿ ಆದಾಗ ವ್ಯಾಪಾರ ಅರ್ಧ ಆಗುತ್ತೆ ಅಂತ ಅರ್ಥ. ನಲವತ್ತು ವರ್ಷ ಜನ ಹೀಗೇ ಮಾಡಿದರು. ಒಪ್ಪಂದ ಮಾಡಿಕೊಂಡರೆ ವ್ಯಾಪಾರ ಎಷ್ಟು ಹೆಚ್ಚುತ್ತೆ, ಒಂದೇ ಭಾಷೆ ಇದ್ದರೆ ಎಷ್ಟು, ಒಂದು ಕಾಲಕ್ಕೆ ಆಳಿದವರು ಆಳಿಸಿಕೊಂಡವರು ಆಗಿದ್ದರೆ ಎಷ್ಟು ಅಂತೆಲ್ಲ ಈ ಗೆರೆ ಎಳೆದೇ ಹೇಳಿದರು.

ಈಗ ಸಾಂತೋಸ್ ಸಿಲ್ವಾ ಮತ್ತು ಟೆನ್ರೆಯ್ರೊ ಮಾಡಿದ್ದು ನೋಡಿ. 1990ರ ವರ್ಷ, 136 ದೇಶ. ಪ್ರತಿ ದೇಶವೂ ಉಳಿದ 135ಕ್ಕೆ ರಫ್ತು ಮಾಡಬಹುದು, ಒಟ್ಟು 18,360 ಜೋಡಿ. ಅದರಲ್ಲಿ ವ್ಯಾಪಾರ ನಡೆದಿದ್ದು 9,613 ಜೋಡಿಗಳಲ್ಲಿ ಮಾತ್ರ. ಹತ್ತಿರ ಹತ್ತಿರ ಅರ್ಧ ಟೇಬಲ್ಲೇ ಸೊನ್ನೆ. ಲಾಗ್ ಹಾಕುವವರು ಆ ಅರ್ಧವನ್ನು ಎಸೆದುಬಿಡ್ತಾರೆ, ಇಲ್ಲ ನನ್ನ ಹಾಗೆ ಒಂದು ಕೂಡಿಸ್ತಾರೆ.

ಇಲ್ಲಿಂದಲೇ ಈ ಪೇಪರಿಗೆ 'ಸೊನ್ನೆಯ ಪೇಪರ್' ಅಂತ ಹೆಸರು ಬಿದ್ದಿದ್ದು. ಸೊನ್ನೆ ಇದೆಯಾ? ಹಾಗಾದ್ರೆ ಪಾಯ್ಸನ್ ಹಾಕು. ಎಲ್ಲ ಕಡೆ ಇದೇ ಉಪದೇಶ. ಆದರೆ ಪೇಪರಿನ ಮುಖ್ಯ ಮಾತು ಸೊನ್ನೆ ಅಲ್ಲವೇ ಅಲ್ಲ. ಸೊನ್ನೆ ಒಂದೂ ಇಲ್ಲದಿದ್ದರೂ ಲಾಗ್ ಸುಳ್ಳು ಹೇಳಬಹುದು ಅನ್ನೋದು ಅದರ ಮುಖ್ಯ ಮಾತು. ನನಗೆ ಇದು ತಲೆಗೆ ಹತ್ತೋಕೆ ಕಾಗದ ಪೆನ್ನು ಹಿಡಿದು ಕೂರಬೇಕಾಯ್ತು. ನೀವೂ ಕೂತ್ಕೊಳ್ಳಿ, ನಾಲ್ಕೇ ಸಂಖ್ಯೆ.

ಸಾವಿರ ಕಿಲೋಮೀಟರ್ ದೂರದ ಎರಡು ಜೋಡಿ ಇವೆ. ವ್ಯಾಪಾರ 90 ಕೋಟಿ, 110 ಕೋಟಿ. ಸರಾಸರಿ 100. ಎರಡು ಸಾವಿರ ಕಿಲೋಮೀಟರ್ ದೂರದ ಇನ್ನೆರಡು ಜೋಡಿಯಲ್ಲಿ 10 ಕೋಟಿ, 90 ಕೋಟಿ. ಸರಾಸರಿ 50. ದೂರ ಇಮ್ಮಡಿ, ವ್ಯಾಪಾರ ಅರ್ಧ. ಸರಿಯಾದ ಉತ್ತರ ಮೈನಸ್ ಒಂದು ಅಂತ ಮಗುವೂ ಹೇಳುತ್ತೆ. ಸೊನ್ನೆ ಎಲ್ಲೂ ಇಲ್ಲ.

ಈಗ ಲಾಗ್ ತೆಗೆದು ಗೆರೆ ಎಳೆಯಿರಿ. ಲಾಗ್‌ಗಳ ಸರಾಸರಿ ತೆಗೆದು ವಾಪಸ್ ಸಂಖ್ಯೆಗೆ ಬಂದರೆ ಸಿಗೋದು ಮಾಮೂಲಿ ಸರಾಸರಿ ಅಲ್ಲ, ಗುಣೋತ್ತರ ಸರಾಸರಿ. ಎರಡು ಸಂಖ್ಯೆ ಗುಣಿಸಿ ವರ್ಗಮೂಲ ತೆಗೆಯೋದು. ಹತ್ತಿರದ ಜೋಡಿಗಳಿಗೆ 90 ಗುಣಿಸು 110, ಅದರ ವರ್ಗಮೂಲ 99.5. ನೂರಕ್ಕೆ ಹತ್ತಿರವೇ ಇದೆ, ತೊಂದರೆ ಇಲ್ಲ. ದೂರದ ಜೋಡಿಗಳಿಗೆ 10 ಗುಣಿಸು 90 ಅಂದ್ರೆ 900, ವರ್ಗಮೂಲ 30. ಐವತ್ತು ಇರಬೇಕಾದ ಕಡೆ ಮೂವತ್ತು. 99.5ರಿಂದ 30ಕ್ಕೆ ಇಳಿಯೋ ಇಳಿಜಾರು ಲೆಕ್ಕ ಹಾಕಿದರೆ ಮೈನಸ್ 1.73 ಬರುತ್ತೆ. ಮೈನಸ್ ಒಂದು ಅಲ್ಲ.

ಯಾಕೆ ಹೀಗಾಯ್ತು? ಹತ್ತಿರದ ಎರಡು ಸಂಖ್ಯೆ ಒಂದಕ್ಕೊಂದು ಅಂಟಿಕೊಂಡಿವೆ, ದೂರದವು ಚೆಲ್ಲಾಪಿಲ್ಲಿ ಆಗಿವೆ. ಸಂಖ್ಯೆಗಳು ಹರಡಿಕೊಂಡಷ್ಟೂ ಗುಣೋತ್ತರ ಸರಾಸರಿ ಮಾಮೂಲಿ ಸರಾಸರಿಗಿಂತ ಕೆಳಗೆ ಬೀಳುತ್ತೆ. ಅಂದ್ರೆ ಲಾಗ್ ಇಲ್ಲಿ ಎರಡು ವಿಷಯ ಕಲಸಿಬಿಟ್ಟಿದೆ. ದೂರ ಹೋದ ಹಾಗೆ ವ್ಯಾಪಾರ ಕಮ್ಮಿ ಆಗೋದು ಒಂದು, ದೂರ ಹೋದ ಹಾಗೆ ವ್ಯಾಪಾರ ಏರುಪೇರಾಗೋದು ಇನ್ನೊಂದು. ಎರಡನ್ನೂ ಸೇರಿಸಿ 'ದೂರದ ಪರಿಣಾಮ' ಅಂತ ಹಣೆಪಟ್ಟಿ ಹಚ್ಚಿ ಕೊಡ್ತು. ಏರುಪೇರು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿದ್ದಿದ್ದರೆ ಎರಡೂ ಸರಾಸರಿ ಒಂದೇ ಅನುಪಾತದಲ್ಲಿ ಕುಗ್ಗಿ, ಇಳಿಜಾರು ಸರಿಯಾಗೇ ಬರ್ತಿತ್ತು. ಆದರೆ ನಿಜವಾದ ವ್ಯಾಪಾರದಲ್ಲಿ ಹಾಗಿರಲ್ಲ. ದೊಡ್ಡ ದೇಶಗಳ ನಡುವೆ ಸಾವಿರಾರು ಕಂಪನಿ ಸಾವಿರಾರು ಸಾಮಾನು ಕಳಿಸ್ತಿರುತ್ತವೆ. ಒಂದು ಆರ್ಡರ್ ತಪ್ಪಿದರೆ ಮೊತ್ತದಲ್ಲಿ ಗೊತ್ತೂ ಆಗಲ್ಲ. ಎರಡು ಪುಟ್ಟ ದೂರದ ದೇಶಗಳ ನಡುವೆ ವರ್ಷಕ್ಕೊಂದು ಹಡಗು ಸರಕು ಹೋದರೆ ಹೋಯ್ತು, ಇಲ್ಲದಿದ್ದರೆ ಇಲ್ಲ.

ಇದನ್ನ ಅವರು ಬರೆದ ರೀತಿ ನನಗೆ ತುಂಬಾ ಇಷ್ಟ ಆಯ್ತು. ಲಾಗ್‌ನ ಸರಾಸರಿ ಬೇರೆ, ಸರಾಸರಿಯ ಲಾಗ್ ಬೇರೆ. ಇದು ಯೆನ್ಸೆನ್‌ನ ಅಸಮಾನತೆ ಅಂತ ಎಲ್ಲ ಪಠ್ಯದಲ್ಲೂ ಇದೆ, ಎಲ್ಲರೂ ಪರೀಕ್ಷೆಗೆ ಬರೆದು ಮಾರ್ಕ್ಸ್ ತಗೊಂಡಿರ್ತಾರೆ. ಆದರೂ ಕೆಲಸಕ್ಕೆ ಕೂತಾಗ ಮರೆತು ಗೆರೆ ಎಳೀತಾರೆ. ಪೇಪರಿನ ಮೊದಲ ಪುಟಗಳಲ್ಲಿ ಹೊಸ ಗಣಿತ ಏನೂ ಇಲ್ಲ. ಎಲ್ಲರಿಗೂ ಗೊತ್ತಿದ್ದ ಮಾತನ್ನು ಎಲ್ಲರೂ ಮಾಡ್ತಿದ್ದ ಕೆಲಸದ ಎದುರು ತಂದು ನಿಲ್ಲಿಸಿದರು, ಅಷ್ಟೇ.

ಈಗ ಸೊನ್ನೆಗೆ ಬರೋಣ. ಅದೇ ಉದಾಹರಣೆಯಲ್ಲಿ ದೂರದ ಜೋಡಿಗಳು 10 ಮತ್ತು 90ರ ಬದಲು 0 ಮತ್ತು 100 ಅಂದ್ಕೊಳ್ಳಿ. ಸರಾಸರಿ ಈಗಲೂ 50. ಸರಿ ಉತ್ತರ ಈಗಲೂ ಮೈನಸ್ ಒಂದು.

ಸೊನ್ನೆಯನ್ನು ಎಸೆದರೆ ದೂರದಲ್ಲಿ ಉಳಿಯೋದು 100 ಒಂದೇ. ಹತ್ತಿರದಲ್ಲಿ 99.5, ದೂರದಲ್ಲಿ 100. ದೂರಕ್ಕೂ ವ್ಯಾಪಾರಕ್ಕೂ ಸಂಬಂಧವೇ ಇಲ್ಲ ಅಂತ ಲಾಗ್ ಹೇಳುತ್ತೆ. ಒಂದು ಕೂಡಿಸಿದರೆ? ಕೋಟಿಯಲ್ಲಿ ಲೆಕ್ಕ ಹಾಕಿದರೆ ಮೈನಸ್ 3.32. ಅದೇ ದುಡ್ಡನ್ನ ಲಕ್ಷದಲ್ಲಿ ಬರೆದರೆ ಮೈನಸ್ 6.64. ರೂಪಾಯಲ್ಲಿ ಬರೆದರೆ ಮೈನಸ್ 14.94. ಕಾರಣ ಸರಳ. ನೀವು ಕೂಡಿಸಿದ ಆ 'ಒಂದು' ಕೋಟಿಯಲ್ಲಿ ಒಂದು ಕೋಟಿ, ರೂಪಾಯಲ್ಲಿ ಒಂದು ರೂಪಾಯಿ. ಸೊನ್ನೆಯ ಜಾಗ ಒಂದೇ ಕಡೆ ನಿಂತಿರುತ್ತೆ, ಉಳಿದ ಸಂಖ್ಯೆಗಳು ಅಳತೆ ಚಿಕ್ಕದಾದಷ್ಟೂ ಅದರಿಂದ ದೂರ ಓಡ್ತವೆ. ಇಂಥ ಉತ್ತರವನ್ನು ನಾನು ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ ಕಳಿಸಿದ್ದೆ!

ಪೇಪರ್ ಕೊಡೋ ಪರಿಹಾರ ಏನು ಅಂದ್ರೆ, ಲಾಗ್ ತೆಗೆಯಲೇ ಬೇಡಿ. ಸೂತ್ರ ಗುಣಾಕಾರದ ರೂಪದಲ್ಲೇ ಇರಲಿ, ವ್ಯಾಪಾರದ ಸರಾಸರಿಯನ್ನೇ ನೇರ ಹೊಂದಿಸಿ. ಹೊಂದಿಸೋ ವಿಧಾನದ ಹೆಸರು ಸ್ವಲ್ಪ ಹೆದರಿಸುತ್ತೆ. ಪಾಯ್ಸನ್ ಸೂಡೊ ಮ್ಯಾಕ್ಸಿಮಮ್ ಲೈಕ್ಲಿಹುಡ್, ಚಿಕ್ಕದಾಗಿ ಪಿಪಿಎಂಎಲ್.

ಪಾಯ್ಸನ್ ಅಂದ ತಕ್ಷಣ ನನಗೂ ನಿಮ್ಮ ಹಾಗೇ ಅನ್ನಿಸಿತ್ತು. ಅದು ಎಣಿಕೆಗೆ ಬಳಸೋದಲ್ವಾ? ಗಂಟೆಗೆ ಎಷ್ಟು ಕಾಲ್ ಬಂತು, ಸರ್ವರ್ ಎಷ್ಟು ಸಲ ಬಿತ್ತು, ಅಂಥದ್ದಕ್ಕೆ. ಡಾಲರ್ ಲೆಕ್ಕಕ್ಕೆ ಅದು ಹೇಗೆ ಹೊಂದುತ್ತೆ? ಉತ್ತರ ಆ 'ಸೂಡೊ' ಅನ್ನೋ ಪದದಲ್ಲಿದೆ. ವ್ಯಾಪಾರ ಪಾಯ್ಸನ್ ಹಂಚಿಕೆಯನ್ನು ಅನುಸರಿಸುತ್ತೆ ಅಂತ ಇಲ್ಲಿ ಯಾರೂ ನಂಬಿಲ್ಲ. ಪಾಯ್ಸನ್‌ನ ಸಮೀಕರಣವನ್ನು ಸಾಲ ತಂದು, ಅದರಿಂದ ಉತ್ತರ ತೆಗೆದು, ಹಂಚಿಕೆಯನ್ನು ಮರೆತುಬಿಡ್ತಾರೆ. ಹೀಗೆ ಮಾಡಬಹುದು, ಸರಾಸರಿಯ ಸೂತ್ರ ಒಂದು ಸರಿಯಿದ್ದರೆ ಸಾಕು ಅಂತ 1984ರಲ್ಲೇ ಗೂರಿಯೆರೂ, ಮಾನ್‌ಫೋರ್ಟ್, ಟ್ರೋನ್ಯೋ ಅನ್ನೋ ಮೂವರು ಫ್ರೆಂಚರು ತೋರಿಸಿದ್ದರು. ಸಂಖ್ಯೆ ಪೂರ್ಣಾಂಕ ಆಗಿರಬೇಕಾಗಿಲ್ಲ, ಹರಡಿಕೆ ಸರಾಸರಿಗೆ ಸಮನಾಗಿರಬೇಕಾಗಿಲ್ಲ. ಹರಡಿಕೆಯ ಬಗ್ಗೆ ಪಾಯ್ಸನ್ ಹೇಳೋದು ತಪ್ಪಿದ್ದರೆ ಉತ್ತರದ ಸುತ್ತಲಿನ ಅನಿಶ್ಚಿತತೆಯನ್ನು ಬೇರೆ ರೀತಿ ಅಳೆಯಬೇಕು, ಅಷ್ಟೇ. ಅದಕ್ಕೇ ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ ಕಡ್ಡಾಯ.

ಆ ಸಾಲ ತಂದ ಸಮೀಕರಣ ಇಷ್ಟೇ:

`Σ (T − T̂) × x = 0`

`T` ನಿಜವಾದ ವ್ಯಾಪಾರ, `T̂` ಮಾಡೆಲ್ ಊಹಿಸಿದ್ದು, `x` ದೂರ, ಗಾತ್ರ ಇತ್ಯಾದಿ. ನನ್ನಂಥವರಿಗೆ ಅರ್ಥವಾಗೋ ಹಾಗೆ ಹೇಳಬೇಕಂದ್ರೆ, ತಪ್ಪುಗಳನ್ನು ರೂಪಾಯಿಯಲ್ಲೇ ಎಣಿಸಿ, ಅವು ಒಂದಕ್ಕೊಂದು ವಜಾ ಆಗುವ ಹಾಗೆ ಮಾಡು ಅಂತ. ಸೊನ್ನೆ ಇಲ್ಲಿ ಬೇರೆ ಎಲ್ಲ ಸಂಖ್ಯೆಗಳ ಹಾಗೆ ಇನ್ನೊಂದು ಸಂಖ್ಯೆ. `T` ಸೊನ್ನೆ ಆದರೆ ತಪ್ಪು ಮೈನಸ್ `T̂`, ಮುಗೀತು. ಯಾರೂ ಅದರ ಲಾಗ್ ಕೇಳಲ್ಲ. ಸೊನ್ನೆ ಇರೋ ನಮ್ಮ ಉದಾಹರಣೆಯನ್ನು ಆರ್‌ನಲ್ಲಿ ನೀವೇ ಓಡಿಸಿ ನೋಡಬಹುದು:

```r
d <- data.frame(trade = c(90, 110, 0, 100),
                dist  = c(1, 1, 2, 2))
coef(glm(trade ~ log(dist),
         family = quasipoisson, data = d))
```

ದೂರದ ಮುಂದೆ ಮೈನಸ್ ಒಂದು ಬರುತ್ತೆ. `trade` ಕಾಲಮ್ಮನ್ನು ನೂರರಿಂದ ಗುಣಿಸಿ ಓಡಿಸಿ, ಆಗಲೂ ಮೈನಸ್ ಒಂದೇ. 0 ಮತ್ತು 100ರ ಜಾಗದಲ್ಲಿ 10 ಮತ್ತು 90 ಹಾಕಿ, ಆಗಲೂ ಅದೇ. ಗಮನಿಸಿ, ದೂರದ ಲಾಗ್ ತೆಗೆದಿದ್ದೀವಿ. ಅದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರೋದು ಎಡಗಡೆಯ ಲಾಗ್ ಬಗ್ಗೆ ಮಾತ್ರ.

ಲಾಗ್ ಬಿಡೋದಾದ್ರೆ ಪಾಯ್ಸನ್ನೇ ಯಾಕೆ, ತಪ್ಪಿನ ವರ್ಗ ಕಮ್ಮಿ ಮಾಡೋ ಮಾಮೂಲಿ ಲೀಸ್ಟ್ ಸ್ಕ್ವೇರ್ ಯಾಕೆ ಬೇಡ ಅಂತ ಕೇಳಬಹುದು. ಅದನ್ನೂ ಪೇಪರಿನಲ್ಲಿ ಹಾಕಿ ನೋಡಿದ್ದಾರೆ. ಅದರ ಕಷ್ಟ ಏನಂದ್ರೆ ದೊಡ್ಡ ಜೋಡಿಗಳಿಗೆ ಅತಿಯಾಗಿ ಕಿವಿ ಕೊಡುತ್ತೆ. ದೊಡ್ಡ ಸಂಖ್ಯೆಯ ಏರಿಳಿತ ರೂಪಾಯಿ ಲೆಕ್ಕದಲ್ಲಿ ದೊಡ್ಡದೇ ಇರುತ್ತಲ್ಲ, ಗದ್ದಲ ಜಾಸ್ತಿ ಇರೋ ಕಡೆಗೇ ಹೆಚ್ಚು ತೂಕ ಕೊಟ್ಟ ಹಾಗಾಗುತ್ತೆ. ಪಾಯ್ಸನ್ ನಡುವಿನ ದಾರಿ.

ಇನ್ನು ನಿಜವಾದ ಡೇಟಾದಲ್ಲಿ ಏನಾಯ್ತು? ಲಾಗ್ ದಾರಿಯಲ್ಲಿ ದೂರದ ಸಂಖ್ಯೆ ಮೈನಸ್ 1.17. ಪಿಪಿಎಂಎಲ್‌ನಲ್ಲಿ ಮೈನಸ್ 0.78. ದೂರ ಇಮ್ಮಡಿ ಆದರೆ ವ್ಯಾಪಾರ ನೂರಕ್ಕೆ 56 ಬೀಳುತ್ತೆ ಅನ್ನೋದಕ್ಕೂ ನೂರಕ್ಕೆ 42 ಬೀಳುತ್ತೆ ಅನ್ನೋದಕ್ಕೂ ಇರೋ ವ್ಯತ್ಯಾಸ ಇದು. ಹಳೇ ವಸಾಹತು ಸಂಬಂಧದ ಕಥೆ ಇನ್ನೂ ಮಜವಾಗಿದೆ. ಲಾಗ್ ಪ್ರಕಾರ ಒಂದು ಕಾಲದ ಆಳ್ವಿಕೆಯ ನಂಟಿರೋ ದೇಶಗಳ ನಡುವೆ, ಉಳಿದದ್ದೆಲ್ಲ ಒಂದೇ ಇದ್ದಾಗ, ಹೆಚ್ಚುಕಮ್ಮಿ ಒಂದೂವರೆ ಪಟ್ಟು ವ್ಯಾಪಾರ. ಪಿಪಿಎಂಎಲ್‌ನಲ್ಲಿ ಆ ಪರಿಣಾಮ ಸೊನ್ನೆಯ ಹತ್ತಿರ ಬಂದುಬಿಡ್ತು. ಬ್ರಿಟಿಷರು ನಮ್ಮ ವ್ಯಾಪಾರಕ್ಕೆ ಏನು ಬಿಟ್ಟುಹೋದರು ಅಂತ ಟೀವಿಯಲ್ಲಿ ಕೂಗಾಡುವವರು ಯಾವ ಪದ್ಧತಿಯ ಸಂಖ್ಯೆ ಹಿಡಿದು ಕೂಗ್ತಿದ್ದಾರೆ ಅಂತ ಒಂದ್ಸಲ ಕೇಳಬೇಕು.

ಈಗ ನಾನು ಅರ್ಧ ಮಾತು ಅಂದೆನಲ್ಲ, ಅದಕ್ಕೆ ಬರ್ತೀನಿ. ಅದೇ ಟೇಬಲ್ಲಿನಲ್ಲಿ ಇನ್ನೊಂದು ಕಾಲಮ್ ಇದೆ. ಸೊನ್ನೆಗಳನ್ನೆಲ್ಲ ಎಸೆದು, ಲಾಗ್ ಬಳಸಿದ ಅದೇ 9,613 ಜೋಡಿಗಳ ಮೇಲೆ ಪಿಪಿಎಂಎಲ್ ಓಡಿಸಿದ್ದಾರೆ. ದೂರದ ಸಂಖ್ಯೆ ಎಷ್ಟು ಬಂತು ಗೊತ್ತಾ? ಆಗಲೂ ಮೈನಸ್ 0.78. ಸೊನ್ನೆ ಸೇರಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅಂದ ಮೇಲೆ 1.17ರಿಂದ 0.78ಕ್ಕೆ ಇಳಿದಿದ್ದು ಸೊನ್ನೆಗಳನ್ನು ಉಳಿಸಿಕೊಂಡಿದ್ದರಿಂದ ಅಲ್ಲ, ಲಾಗ್ ಬಿಟ್ಟಿದ್ದರಿಂದ. ಈ ಒಂದು ಕಾಲಮ್ಮೇ ಇಡೀ ಪೇಪರಿನ ಜೀವ. ಅದನ್ನೇ ಜನ ದಾಟಿ ಹೋಗಿಬಿಡ್ತಾರೆ.

ನಮ್ಮ ನಾಲ್ಕು ಸಂಖ್ಯೆಯ ಉದಾಹರಣೆಯಲ್ಲಿ ಸೊನ್ನೆ ಎಸೆದಾಗ ಭೂಕಂಪ ಆಗಿತ್ತಲ್ಲ, ಇಲ್ಲಿ ಯಾಕೆ ಆಗಲಿಲ್ಲ? ನಾನು ಸೊನ್ನೆಯನ್ನು ಐವತ್ತು ಕೋಟಿ ನಿರೀಕ್ಷೆ ಇರೋ ಕಡೆ ಇಟ್ಟಿದ್ದೆ. ನಿಜವಾದ ಸೊನ್ನೆಗಳು ಸಾಮಾನ್ಯವಾಗಿ ಎರಡು ಸಣ್ಣ ದೇಶ, ನಡುವೆ ಸಮುದ್ರ, ಅಂಥ ಕಡೆ ಇರುತ್ತವೆ. ಮಾಡೆಲ್ ಅಲ್ಲಿ ಊಹಿಸೋದೇ ಚಿಲ್ಲರೆ ಕಾಸು. ತಪ್ಪನ್ನು ರೂಪಾಯಲ್ಲಿ ಎಣಿಸಿದಾಗ ಆ ಚಿಲ್ಲರೆ ಇದ್ದರೂ ಹೋದರೂ ದೊಡ್ಡ ವ್ಯತ್ಯಾಸ ಆಗಲ್ಲ. ನಿಮ್ಮ ಡೇಟಾದಲ್ಲಿ ಸೊನ್ನೆ ಎಲ್ಲಿದೆ ಅನ್ನೋದರ ಮೇಲೆ ನಿಮ್ಮ ಅನುಭವ ಬೇರೆ ಆಗಬಹುದು.

ಸೊನ್ನೆ ಬಗ್ಗೆ ಇನ್ನೊಂದು ಮಾತು. ಸಣ್ಣವನಿದ್ದಾಗ ನಮ್ಮಪ್ಪನ ಡೇರಿ ಪುಸ್ತಕದಲ್ಲಿ ಎಷ್ಟೋ ದಿನ ಖಾಲಿ ಇರ್ತಿತ್ತು. ಹಸು ಗಬ್ಬ ಇದ್ದು ಹಾಲು ಬತ್ತಿದ ದಿನವೂ ಖಾಲಿ, ಹಾಲು ಹಾಕಿದರೂ ಬರೆಯೋನು ರಜಾ ಹಾಕಿದ್ದ ದಿನವೂ ಖಾಲಿ. ತಿಂಗಳ ಕೊನೆಗೆ ಇದೇ ಜಗಳ. ದೇಶಗಳ ವ್ಯಾಪಾರದ ಫೈಲುಗಳೂ ಹಾಗೇ. ವ್ಯಾಪಾರ ಇಲ್ಲದ ಜೋಡಿಗೆ ಸೊನ್ನೆ ಅಂತ ಸಾಲು ಬರೆದಿರಲ್ಲ, ಸಾಲೇ ಇರಲ್ಲ. 136 ಗುಣಿಸು 135ರ ಪೂರ್ತಿ ಚೌಕವನ್ನು ನೀವೇ ಕಟ್ಟಿ, ಖಾಲಿ ಮನೆಗಳಿಗೆ ಸೊನ್ನೆ ತುಂಬಬೇಕು. ತುಂಬುವಾಗ ವ್ಯಾಪಾರ ಇಲ್ಲದ್ದು ಯಾವುದು, ವರದಿ ಕಳಿಸದ್ದು ಯಾವುದು ಅಂತ ಬೇರೆ ಮಾಡಬೇಕು. ಒಂದು ದೇಶದ ಇಡೀ ಸಾಲು ಖಾಲಿ ಇದ್ದರೆ ಅದು ಬಹುಶಃ ಸೊನ್ನೆ ಅಲ್ಲ, ಬರೆಯೋನು ರಜಾ. ಈ ಕೆಲಸವನ್ನು ಪಾಯ್ಸನ್ ನಿಮಗೆ ಮಾಡಿಕೊಡಲ್ಲ.

ಪೇಪರಿನಲ್ಲಿ ನನಗೆ ಒಪ್ಪಿಗೆಯಾಗದ ಜಾಗಗಳೂ ಇವೆ. ಮುಖ್ಯವಾದದ್ದು, ತಮ್ಮ ವಿಧಾನವೇ ಮೇಲು ಅಂತ ತೋರಿಸೋಕೆ ಅವರು ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಡೇಟಾದಲ್ಲಿ ಸೊನ್ನೆಗಳು ಬಂದಿದ್ದು ಸಣ್ಣ ಸಂಖ್ಯೆಗಳನ್ನು ಹತ್ತಿರದ ಪೂರ್ಣಾಂಕಕ್ಕೆ ಇಳಿಸಿದ್ದರಿಂದ. ನಿಜ ಜೀವನದಲ್ಲಿ ಸೊನ್ನೆ ಬರೀ ರೌಂಡಿಂಗ್ ಅಲ್ಲವಲ್ಲ! ರಫ್ತು ಶುರು ಮಾಡೋಕೆ ಲೈಸೆನ್ಸು, ಏಜೆಂಟು, ಗೋಡೌನು ಅಂತ ಒಂದು ದೊಡ್ಡ ಆರಂಭದ ಖರ್ಚಿರುತ್ತೆ. ಅದು ಗಿಟ್ಟದಿದ್ದರೆ ಕಂಪನಿ ಆ ದೇಶದ ಕಡೆ ತಲೆಯೇ ಹಾಕಲ್ಲ. ವಿಲ್ ಮಾರ್ಟಿನ್ ಮತ್ತು ಕಾಂಗ್ ಫಾಮ್ ಅನ್ನೋರು ಇದೇ ಎಳೆ ಹಿಡಿದು ತಕರಾರು ತೆಗೆದರು. ಇವರಿಬ್ಬರು 2011ರಲ್ಲಿ ಬಹಳಷ್ಟು ಸೊನ್ನೆ ಇರೋ ಬೇರೆ ಥರದ ಡೇಟಾ ಸೃಷ್ಟಿಸಿ, ಅಲ್ಲೂ ಪಿಪಿಎಂಎಲ್ ಚೆನ್ನಾಗೇ ನಿಲ್ಲುತ್ತೆ ಅಂತ ಉತ್ತರ ಕೊಟ್ಟರು. ಉತ್ತರ ಗಟ್ಟಿಯಾಗಿದೆ. ಆದರೂ 'ವ್ಯಾಪಾರ ಎಷ್ಟು' ಅನ್ನೋ ಪ್ರಶ್ನೆ ಬೇರೆ, 'ವ್ಯಾಪಾರ ಶುರುವಾಗುತ್ತಾ ಇಲ್ಲವಾ' ಅನ್ನೋದು ಬೇರೆ. ಎರಡನೆಯದು ಬೇಕಿದ್ದವರು ಹೆಲ್ಪ್‌ಮನ್, ಮೆಲಿಟ್ಜ್, ರೂಬಿನ್‌ಸ್ಟೈನ್ 2008ರಲ್ಲಿ ತೋರಿಸಿದ ಎರಡು ಹಂತದ ದಾರಿಯನ್ನೂ ನೋಡಬೇಕಾಗುತ್ತೆ. ಆ ದಾರಿಯ ಎರಡನೇ ಹಂತ ಮತ್ತೆ ಲಾಗ್ ಮೇಲೇ ನಿಂತಿದೆ ಅನ್ನೋದು ಬೇರೆ ಮಾತು.

ಇನ್ನೊಂದು ಎಚ್ಚರಿಕೆ. ತಪ್ಪನ್ನು ರೂಪಾಯಿಯಲ್ಲಿ ಎಣಿಸೋ ವಿಧಾನ ಸಹಜವಾಗೇ ದೊಡ್ಡ ವ್ಯಾಪಾರದ ಜೋಡಿಗಳ ಕಥೆಯನ್ನು ಜಾಸ್ತಿ ಹೇಳುತ್ತೆ. ದೂರದ ಪರಿಣಾಮ ದೊಡ್ಡ ದೇಶಗಳಿಗೆ ಒಂದು, ಸಣ್ಣ ದೇಶಗಳಿಗೆ ಒಂದು ಅಂತ ನಿಜವಾಗಿಯೂ ಬೇರೆ ಬೇರೆ ಇದ್ದರೆ, ಲಾಗ್ ಮತ್ತು ಪಿಪಿಎಂಎಲ್ ಬೇರೆ ಉತ್ತರ ಕೊಡೋದು ಲಾಗ್‌ನ ತಪ್ಪೇ ಆಗಬೇಕಾಗಿಲ್ಲ, ಒಂದೇ `c` ಸಾಕು ಅಂದ್ಕೊಂಡ ನಿಮ್ಮ ಸೂತ್ರದ ತಪ್ಪೂ ಆಗಿರಬಹುದು. ಹೆಡ್ ಮತ್ತು ಮೇಯರ್ 2014ರ ತಮ್ಮ ಕೈಪಿಡಿ ಅಧ್ಯಾಯದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಅನ್ನೋದು ಇದಕ್ಕೇ. 'ಪಿಪಿಎಂಎಲ್ ಹಾಕಿದೀನಿ, ನನ್ನನ್ನ ಕೇಳಬೇಡಿ' ಅನ್ನೋ ಹೊಸ ಮಡಿವಂತಿಕೆ ಕಂಡರೆ ನನಗೆ ಹಳೇ ಲಾಗ್ ಮಡಿವಂತಿಕೆಯೇ ನೆನಪಾಗುತ್ತೆ.

ಹಾಗಾದ್ರೆ ನಿಮ್ಮ ಮಾಡೆಲ್ ಕೆಟ್ಟಿದೆ ಅಂತ ಗೊತ್ತಾಗೋದು ಹೇಗೆ? ಅಳತೆ ಬದಲಾಯಿಸಿ ನೋಡೋದು ಮೊದಲನೆಯದು, ಒಂದು ಕೂಡಿಸಿದ ಮಾಡೆಲ್ ಅಲ್ಲೇ ಸಿಕ್ಕಿಬೀಳುತ್ತೆ. ಅಲ್ಲಿ ತಪ್ಪಿಸಿಕೊಂಡರೆ ಮೊತ್ತ ಕೂಡಿ ನೋಡಿ. ಸೊನ್ನೆ ಇಲ್ಲದ ನಮ್ಮ ಉದಾಹರಣೆಯಲ್ಲಿ ಒಟ್ಟು ವ್ಯಾಪಾರ 300 ಕೋಟಿ. ಲಾಗ್ ಮಾಡೆಲ್ ಊಹೆಗಳನ್ನು ವಾಪಸ್ ಕೋಟಿಗೆ ತಂದು ಕೂಡಿದರೆ 99.5, 99.5, 30, 30. ಒಟ್ಟು 259. ನಲವತ್ತೊಂದು ಕೋಟಿ ಮಾಯ! ಪಿಪಿಎಂಎಲ್‌ನಲ್ಲಿ ಊಹೆಗಳ ಮೊತ್ತ ನಿಜವಾದ ಮೊತ್ತಕ್ಕೆ ಸಮ ಬರಲೇಬೇಕು, ಆ ಸಮೀಕರಣ ಇರೋದೇ ಹಾಗೆ. ಸಾಂತೋಸ್ ಸಿಲ್ವಾ ಮತ್ತು ಟೆನ್ರೆಯ್ರೊ ಬಳಸಿದ್ದು ರೀಸೆಟ್ ಅನ್ನೋ ಪರೀಕ್ಷೆ. ಊಹೆಯ ವರ್ಗವನ್ನು ಇನ್ನೊಂದು ಕಾಲಮ್ ಮಾಡಿ ಮಾಡೆಲ್ಲಿಗೆ ಸೇರಿಸಿದಾಗ ಅದು ಏನಾದರೂ ಕೆಲಸ ಮಾಡಿದರೆ ಸೂತ್ರದಲ್ಲೇ ಏನೋ ಕಮ್ಮಿ ಇದೆ ಅಂತ. ಲಾಗ್ ಮಾಡೆಲ್ ಅದರಲ್ಲಿ ಫೇಲ್, ಪಿಪಿಎಂಎಲ್ ಪಾಸ್.

ಕೊನೆಗೆ ನಾನೂ ಇದೇ ಹಾದಿ ಹಿಡಿದೆ. ಪ್ರತಿ ಊರಿಗೂ ಕಳಿಸೋದಕ್ಕೊಂದು, ತರಿಸೋದಕ್ಕೊಂದು ಅಂತ ಎರಡೆರಡು ಡಮ್ಮಿ ಹಾಕಿದಾಗ ಲೆಕ್ಕ ಮುಗಿಯಲೇ ಇಲ್ಲ. ಒಂದು ಸಣ್ಣ ಊರಿಂದ ಒಂದೂ ಪಾರ್ಸೆಲ್ ಹೊರಟಿರಲಿಲ್ಲ, ಅದರ ಡಮ್ಮಿ ಮೈನಸ್ ಅನಂತದ ಕಡೆ ಓಡ್ತಾನೇ ಇತ್ತು. ಇಂಥ ಸಾಲುಗಳನ್ನು ತಾನಾಗೇ ಗುರುತಿಸಿ ಪಕ್ಕಕ್ಕಿಡೋ `ppmlhdfe` ಅನ್ನೋ ಸ್ಟೇಟಾ ಕಮಾಂಡ್ ಇದೆ, ಕೊರೇಯಾ, ಗಿಮರಾಯಿಸ್, ಜಿಲ್ಕಿನ್ ಬರೆದದ್ದು. ನಮ್ಮಲ್ಲಿ ಸ್ಟೇಟಾ ಇರಲಿಲ್ಲ, ಕೈಯಲ್ಲೇ ತೆಗೆದೆ.

ಹೊಸ ಲೆಕ್ಕದಲ್ಲಿ ದೂರದ ಏಟು ಹಳೆಯದರ ಹತ್ತಿರಕ್ಕೂ ಬರಲಿಲ್ಲ. ನಿಲ್ಲಿಸಬೇಕು ಅಂದಿದ್ದ ನಾಲ್ಕು ಊರಿನಲ್ಲಿ ಮೂರಕ್ಕೆ ಗಾಡಿ ಮುಂದುವರಿಸಬಹುದು ಅಂತ ಬಂತು. ಸ್ಲೈಡ್ ವಾಪಸ್ ತಗೊಂಡು ತಪ್ಪಾಗಿದೆ ಅಂತ ಮೇಲ್ ಹಾಕಿದೆ. ಮ್ಯಾನೇಜರ್ ಫೋನ್ ಮಾಡಿ, "ಹೋದ ವಾರದ ಸಂಖ್ಯೆಗೂ ಈ ವಾರದ್ದಕ್ಕೂ ಯಾಕಪ್ಪ ಇಷ್ಟು ವ್ಯತ್ಯಾಸ, ಡೇಟಾ ಬದಲಾಯ್ತಾ?" ಅಂತ ಕೇಳಿದರು. ಇಲ್ಲ ಸರ್, ಒಂದು ಕೂಡಿಸಿದ್ದೆ, ಈಗ ತೆಗೆದೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.